ಎಚ್‌ಆರ್ ಎರಡು ವಾರದಿಂದ ಉತ್ತರ ಕೊಟ್ಟಿಲ್ಲ, ಎರಡನೇ ಮೇಲ್ ಹೇಗೆ ಬರೆಯಲಿ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮಂಡ್ಯದವಳು. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಮದ್ದೂರಿನ ಒಂದು ರೈಸ್ ಮಿಲ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಮೈಸೂರಿನ ಹೆಬ್ಬಾಳದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಜೂನ್ 3ಕ್ಕೆ ಎರಡನೇ ಇಂಟರ್‌ವ್ಯೂ ಆಯ್ತು. ಒಂದು ವಾರದಲ್ಲಿ ಹೇಳ್ತೀವಿ ಅಂದಿದ್ದರು. ಜೂನ್ 10ಕ್ಕೆ ಎಚ್‌ಆರ್ ಮೇಡಂಗೆ ಒಂದು ಮೇಲ್ ಹಾಕಿದೆ. ಇವತ್ತಿಗೆ ಎರಡು ವಾರ, ಏನೂ ಉತ್ತರ ಇಲ್ಲ. ಅವರು ನನ್ನ ಜೊತೆ ಕನ್ನಡದಲ್ಲೇ ಮಾತಾಡಿದ್ದು, ಮೇಲ್ ಕೂಡ ಕನ್ನಡದಲ್ಲೇ ಕಳಿಸಿದ್ದರು. ಈಗ ಹೀಗೆ ಬರೆದಿಟ್ಟಿದ್ದೇನೆ: “ಮಾನ್ಯರೇ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಜೂನ್ 10ರಂದು ಕಳಿಸಿದ ಮೇಲ್‌ಗೆ ಇನ್ನೂ ಉತ್ತರ ಬಂದಿಲ್ಲ. ದಯವಿಟ್ಟು ನನ್ನ ಇಂಟರ್‌ವ್ಯೂ ಏನಾಯಿತು ಎಂದು ಆದಷ್ಟು ಬೇಗ ತಿಳಿಸಬೇಕಾಗಿ ವಿನಂತಿ. ಈ ಕೆಲಸ ನನಗೆ ತುಂಬಾ ಅಗತ್ಯವಿದೆ.” ಇದು ಸರಿಯಿದೆಯಾ? ಕಳಿಸಲು ಕೈ ಬರುತ್ತಿಲ್ಲ.

ಉತ್ತರ:

ಕಳಿಸದೆ ನನಗೆ ತೋರಿಸಿದ್ದು ಒಳ್ಳೆಯದಾಯಿತು. ಎರಡನೇ ಮೇಲ್ ಖಂಡಿತ ಹಾಕಿ. ಆದರೆ ಇದನ್ನಲ್ಲ. ನೀವು ಬರೆದದ್ದರಲ್ಲಿ ಒರಟು ಮಾತು ಒಂದೂ ಇಲ್ಲ. ತೊಂದರೆ ಇರುವುದು ಪ್ರಶ್ನೆಯಲ್ಲಿ. ಆ ಮೇಡಂ ಬಾಯಿ ಬಿಟ್ಟು ಉತ್ತರ ಹೇಳಲಾಗದ ಒಂದು ಪ್ರಶ್ನೆಯನ್ನು ನೀವು ಮತ್ತೊಮ್ಮೆ ಕೇಳುತ್ತಿದ್ದೀರಿ.

ನಾನು ಹೂಟಗಳ್ಳಿ, ಹೆಬ್ಬಾಳ ಭಾಗದ ಕಾರ್ಖಾನೆಗಳಲ್ಲಿ 12 ವರ್ಷ ಎಚ್‌ಆರ್ ಕೆಲಸ ಮಾಡಿದವಳು. ಇಂಥ ಮೇಲ್‌ಗಳನ್ನು ಆ ಕಡೆ ಕೂತು ಓದಿದ್ದೇನೆ. ಕೆಲವಕ್ಕೆ ಅದೇ ನಿಮಿಷ ಉತ್ತರ ಕೊಟ್ಟಿದ್ದೇನೆ, ಕೆಲವಕ್ಕೆ ಕೊಟ್ಟೇ ಇಲ್ಲ. ಕೊಡದೇ ಇದ್ದದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅದರಲ್ಲೊಂದನ್ನು ಹೇಳುತ್ತೇನೆ, ಆಗ ಆ ಕಡೆ ಏನು ನಡೆಯುತ್ತದೆ ಅನ್ನುವುದು ನಿಮಗೆ ಕಣ್ಣಿಗೆ ಕಟ್ಟುತ್ತದೆ.

ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕೆಲಸಕ್ಕೆ ಇಬ್ಬರು ಕೊನೆಯವರೆಗೆ ಬಂದಿದ್ದರು. ಮೊದಲನೆಯವರಿಗೆ ಆಫರ್ ಕೊಟ್ಟೆವು. ಅವರಿಗೆ 60 ದಿನದ ನೋಟಿಸ್ ಇತ್ತು. ಎರಡನೆಯವನು ಪಾಂಡವಪುರದ ಹುಡುಗ, ಒಳ್ಳೆಯ ಹುಡುಗ. ಮೊದಲನೆಯವರು ಬಂದು ಸೇರುವವರೆಗೆ ಇವನಿಗೆ ಇಲ್ಲ ಅನ್ನಬೇಡಿ, ಆಯ್ತು ಅಂತಲೂ ಅನ್ನಬೇಡಿ ಎಂದು ಮೇಲಿನವರು ನನಗೆ ಹೇಳಿದರು. ಆ ಹುಡುಗ ಮೇಲ್ ಹಾಕಿದ: “ಮೇಡಂ, ನನ್ನ ಸೆಲೆಕ್ಷನ್ ಏನಾಯಿತು?” ನಾನು ಏನಂತ ಬರೆಯಲಿ? “ನೀವು ಎರಡನೆಯವರು, ಕಾಯುತ್ತಿರಿ” ಅನ್ನುವ ಹಾಗಿಲ್ಲ. ಸುಳ್ಳು ಹೇಳಲು ಮನಸ್ಸಿಲ್ಲ. ನಾಳೆ ನೋಡೋಣ ಅಂತ ಮುಚ್ಚಿಟ್ಟೆ. ಎರಡು ವಾರ ಬಿಟ್ಟು ಅದೇ ಪ್ರಶ್ನೆ ಮತ್ತೆ ಬಂತು, ಇನ್ನಷ್ಟು ವಿನಯದಿಂದ. ಮತ್ತೆ ಮುಚ್ಚಿಟ್ಟೆ. ಕೊನೆಗೆ ಮೊದಲನೆಯವರು ಬರಲೇ ಇಲ್ಲ. ನಾನು ಪಾಂಡವಪುರಕ್ಕೆ ಫೋನ್ ಮಾಡಿದಾಗ ಆ ಹುಡುಗ ಬೇರೆ ಕಡೆ ಸೇರಿ ಎಂಟು ದಿನ ಆಗಿತ್ತು. ತಪ್ಪು ನನ್ನದು, ನಮ್ಮ ಪದ್ಧತಿಯದು. ಅವನದಲ್ಲ. ಆದರೆ ಅವನು ಬೇರೆ ಪ್ರಶ್ನೆ ಕೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಆ ಬೇರೆ ಪ್ರಶ್ನೆ ಯಾವುದು ಅನ್ನುವುದನ್ನು ನನಗೆ ಇನ್ನೊಬ್ಬರು ಕಲಿಸಿದರು. ಅದೇ ವರ್ಷ ಕ್ವಾಲಿಟಿ ವಿಭಾಗಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳು ಬರೆದಿದ್ದರು: “ಆ ಹುದ್ದೆ ಇನ್ನೂ ಖಾಲಿ ಇದೆಯೇ ಅಂತ ಮಾತ್ರ ಹೇಳಿದರೆ ಸಾಕು.” ನಾನು ಕಂಪನಿ ಬಸ್ಸಿನಲ್ಲಿ ಮನೆಗೆ ಹೋಗುತ್ತಾ, ನಿಂತುಕೊಂಡೇ, ಒಂದು ಕೈಯಲ್ಲಿ ಟೈಪ್ ಮಾಡಿದೆ: “ಖಾಲಿ ಇದೆ. 15ರೊಳಗೆ ಗೊತ್ತಾಗುತ್ತೆ.” ಅಷ್ಟೇ. ಅವರ ವಿಷಯವೂ ಆಗ ತೀರ್ಮಾನ ಆಗಿರಲಿಲ್ಲ. ಆದರೆ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು, ಹೇಳಲು ಯಾರ ಅನುಮತಿಯೂ ಬೇಕಿರಲಿಲ್ಲ.

ಉತ್ತರ ಬರದಿದ್ದಾಗ ನಮಗೆ ಸಾಮಾನ್ಯವಾಗಿ ಹೊಳೆಯುವುದು ಎರಡೇ ಕಾರಣ. ಒಂದು, ನನ್ನನ್ನು ಬಿಟ್ಟರು. ಇನ್ನೊಂದು, ಮರೆತರು. ನಿಜದಲ್ಲಿ ಹೆಚ್ಚಾಗಿ ಆಗುವುದು ಬೇರೆ. ನನ್ನ ಪಾಂಡವಪುರದ ಹುಡುಗನ ಹಾಗೆ ನಿಮ್ಮನ್ನು ಎರಡನೆಯವರಾಗಿ ಇಟ್ಟುಕೊಂಡಿರಬಹುದು. ಹುದ್ದೆಗೆ ಮೇಲಿನವರ ಒಪ್ಪಿಗೆ ನಿಂತಿರಬಹುದು. ಅಥವಾ ಅಕೌಂಟ್ಸ್ ಮ್ಯಾನೇಜರ್ ಯಾರು ಬೇಕು ಅಂತ ಇನ್ನೂ ಹೇಳಿಯೇ ಇರಲಿಕ್ಕಿಲ್ಲ. ಈ ಮೂರರಲ್ಲಿ ಯಾವುದೇ ಆದರೂ “ಇಂಟರ್‌ವ್ಯೂ ಏನಾಯಿತು” ಅನ್ನುವುದಕ್ಕೆ ಎಚ್‌ಆರ್ ಹತ್ತಿರ ಹೇಳುವಂಥ ಉತ್ತರ ಇರುವುದಿಲ್ಲ. “ಆಯ್ಕೆ ಇನ್ನೂ ನಡೆಯುತ್ತಿದೆಯಾ” ಅನ್ನುವುದಕ್ಕೆ ಮೂರರಲ್ಲೂ ಉತ್ತರ ಇರುತ್ತದೆ. ಮೊದಲ ಮೇಲ್‌ನಲ್ಲಿ ದೊಡ್ಡ ಪ್ರಶ್ನೆ ಕೇಳಿದ್ದು ತಪ್ಪೇನಲ್ಲ. ಎರಡನೆಯದರಲ್ಲಿ ಪ್ರಶ್ನೆ ಚಿಕ್ಕದಾಗಬೇಕು.

ನಿಮ್ಮ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ನೀವೇ ಅಕೌಂಟ್ಸ್‌ನವರು, ತಕ್ಷಣ ಅರ್ಥವಾಗುತ್ತದೆ. ನಿಮ್ಮ ಮೊದಲ ಮೇಲ್ ಹೋದದ್ದು ಜೂನ್ 10ಕ್ಕೆ. ಮಾರನೇ ದಿನ 11, ಜಿಎಸ್‌ಟಿಆರ್-1 ಹಾಕುವ ಕೊನೆಯ ದಿನ. 20ಕ್ಕೆ ಜಿಎಸ್‌ಟಿಆರ್-3ಬಿ. ಆ ಹತ್ತು ದಿನ ಅಕೌಂಟ್ಸ್ ಮ್ಯಾನೇಜರ್ ತಲೆ ಎತ್ತುವುದು ಕಷ್ಟ ಅಲ್ವಾ? ಅವರು ಹೂಂ ಅನ್ನದೆ ಎಚ್‌ಆರ್ ಒಂದು ಹೆಜ್ಜೆ ಮುಂದಿಡುವಂತಿಲ್ಲ. ಇತ್ತ ಎಚ್‌ಆರ್‌ಗೂ 15ರೊಳಗೆ ಪಿಎಫ್, ಇಎಸ್‌ಐ ಕಟ್ಟುವ ಗಡಿಬಿಡಿ. ನಮ್ಮ ಕಡೆಯ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು, ಹಾಜರಿ, ಸಂಬಳ, ಪಿಎಫ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವುದು ಉಂಟು. ಹಾಗಾಗಿ ಈ ಎರಡು ವಾರದ ಮೌನಕ್ಕೆ ನಿಮ್ಮ ಇಂಟರ್‌ವ್ಯೂ ಕಾರಣ ಅಂತ ಈಗಲೇ ಅಂದುಕೊಳ್ಳಬೇಡಿ. ಅದೇ ಲೆಕ್ಕದಲ್ಲಿ ನೋಡಿದರೆ ಈಗಿನ ದಿನಗಳು ಒಳ್ಳೆಯವು. 20 ದಾಟಿದೆ. ತಿಂಗಳ ಕೊನೆಯ ಸಂಬಳದ ಗಲಾಟೆ ಪೂರ್ತಿ ಶುರುವಾಗಿಲ್ಲ. ನಾಳೆ ಬುಧವಾರ ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಕಳಿಸಿ. ಆ ಹೊತ್ತಿಗೆ ಬೆಳಗಿನ ಹಾಜರಿ, ಗೇಟಿನ ರಗಳೆ ಮುಗಿದು ಅವರು ಕುರ್ಚಿಯಲ್ಲಿ ಕೂತಿರುತ್ತಾರೆ. ರಾತ್ರಿ ಬರೆದಿಟ್ಟರೂ ಪರವಾಗಿಲ್ಲ. ಜಿಮೇಲ್‌ನಲ್ಲಿ Schedule send ಒತ್ತಿ ಬೆಳಗಿನ ಹೊತ್ತು ಹಾಕಿದರೆ ಆಯ್ತು. ಶನಿವಾರ ಮಾತ್ರ ಬೇಡ.

ಈಗ ನಿಮ್ಮ ಮಾತುಗಳಿಗೆ ಬರುತ್ತೇನೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

“ಇನ್ನೂ ಉತ್ತರ ಬಂದಿಲ್ಲ” ಅಂತ ಬರೆದಿದ್ದೀರಿ. ಇದು ನಿಜ. ಆದರೆ ಕನ್ನಡದಲ್ಲಿ ‘ಇನ್ನೂ’ ಮತ್ತು ‘ಇಲ್ಲ’ ಒಟ್ಟಿಗೆ ಬಂದರೆ ದೂರು ಆಗಿಬಿಡುತ್ತದೆ. “ಇನ್ನೂ ಬಸ್ ಬಂದಿಲ್ವಾ?”, “ಇನ್ನೂ ಊಟ ಆಗಿಲ್ವಾ?” ಅಂತ ನಾವು ಹೇಳುವಾಗ ದನಿಯಲ್ಲಿ ಏನಿರುತ್ತದೆ ನೆನಪಿಸಿಕೊಳ್ಳಿ. ಮೇಲ್‌ನಲ್ಲಿ ನಿಮ್ಮ ಮೆತ್ತಗಿನ ದನಿ ಕೇಳಿಸುವುದಿಲ್ಲ, ಪದ ಮಾತ್ರ ಕಾಣುತ್ತದೆ. ಅದೇ ‘ಇನ್ನೂ’ವನ್ನು ಹುದ್ದೆಯ ಪಕ್ಕ ಇಟ್ಟು ನೋಡಿ: “ಆಯ್ಕೆ ಇನ್ನೂ ನಡೆಯುತ್ತಿದೆಯೇ?” ಈಗ ದೂರು ಇಲ್ಲ. ಅದೇ ಪದ, ಜಾಗ ಬದಲಾಯಿತು ಅಷ್ಟೇ. ಜೂನ್ 10ರ ಮೇಲ್ ಬಗ್ಗೆ ಮಾತೇ ಎತ್ತಬೇಡಿ. ಅದೇ ಮೇಲ್‌ಗೆ ಮುಂದುವರಿಸಿ ಬರೆದರೆ ಹಳೆಯದು ಕೆಳಗೆ ತಾನಾಗೇ ಕಾಣುತ್ತದೆ. ಅವರೇ ನೋಡಿಕೊಂಡು “ಅಯ್ಯೋ, ಇದಕ್ಕೆ ಉತ್ತರ ಕೊಡಲೇ ಇಲ್ಲ” ಅಂದುಕೊಳ್ಳುತ್ತಾರೆ. ನಾವು ಬೆರಳು ತೋರಿಸಬೇಕಿಲ್ಲ.

“ತಿಳಿಸಬೇಕಾಗಿ ವಿನಂತಿ” ಅನ್ನುವುದು ತಾಲ್ಲೂಕು ಆಫೀಸಿನ ಅರ್ಜಿಯ ಮಾತು. ವಿನಂತಿ ಅಂತ ಇದೆ, ಆದರೆ ಒಳಗೆ ಒಂದು ‘ಬೇಕು’ ಕೂತಿದೆ. ಓದುವವರ ಮೇಲೆ ಹೊರೆ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಕೇಳುವುದಕ್ಕೆ ಇನ್ನೂ ನಯವಾದ ದಾರಿ ಇದೆ, ಮನೆಯಲ್ಲಿ ದಿನಾ ಬಳಸುತ್ತೇವೆ. “ಬಂದರೆ ಚೆನ್ನಾಗಿರುತ್ತೆ”, “ಕೊಟ್ಟರೆ ಉಪಕಾರ ಆಗುತ್ತೆ.” ‘ಬೇಕು’ ಹೋಗಿ ‘ರೆ’ ಬಂತು. ಅದನ್ನೇ ಇಲ್ಲಿಗೆ ತನ್ನಿ: “ತಿಳಿಸಿದರೆ ಅನುಕೂಲವಾಗುತ್ತದೆ.” ಇದಾದ ಮೇಲೆ ‘ದಯವಿಟ್ಟು’ ಸೇರಿಸುವ ಅಗತ್ಯವೇ ಬೀಳುವುದಿಲ್ಲ. ‘ದಯವಿಟ್ಟು’ ಮತ್ತು ‘ಆದಷ್ಟು ಬೇಗ’ ಒಂದೇ ವಾಕ್ಯದಲ್ಲಿ ಸೇರಿದರಂತೂ ಒಂದು ಕೈಯಲ್ಲಿ ನಮಸ್ಕಾರ ಮಾಡಿ ಇನ್ನೊಂದು ಕೈಯಲ್ಲಿ ತಳ್ಳಿದ ಹಾಗೆ. ಬೇಗ ಬೇಕು ಅನ್ನುವ ಬದಲು ಒಂದು ದಿನಾಂಕ ಕೊಡುವುದು ಮೇಲು. ಅದನ್ನು ಮುಂದೆ ಹೇಳುತ್ತೇನೆ.

“ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ” ತೆಗೆದುಬಿಡಿ. ಒಂದು ವಾರ ಅಂತ ಹೇಳಿದ್ದು ಅವರು. ಮೂರು ವಾರ ಆದ ಮೇಲೆ ವಿಚಾರಿಸುವುದು ನಿಮ್ಮ ಹಕ್ಕು, ತೊಂದರೆ ಅಲ್ಲ. ಕ್ಷಮೆಯಿಂದ ಶುರುವಾದ ಮೇಲ್ ಏನೋ ತಪ್ಪು ಮಾಡಿದವರ ಮೇಲ್‌ನ ಹಾಗೆ ಓದಿಸಿಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ಮೇಲ್ ಬಂದಾಗ ಮೊದಲ ಕೆಲವು ಪದಗಳು ಮಾತ್ರ ಮೇಲೆ ಕಾಣುತ್ತವೆ. ಅಲ್ಲಿ ‘ಕ್ಷಮಿಸಿ’ ಕಂಡರೆ ಇದು ಯಾರು, ಯಾವ ವಿಷಯ ಅಂತ ಗೊತ್ತಾಗುವುದಿಲ್ಲ. ‘ಅಕೌಂಟ್ಸ್ ಅಸಿಸ್ಟೆಂಟ್’ ಅಂತ ಕಂಡರೆ ಗೊತ್ತಾಗುತ್ತದೆ.

“ಈ ಕೆಲಸ ನನಗೆ ತುಂಬಾ ಅಗತ್ಯವಿದೆ” ಅನ್ನುವ ಸಾಲು ಓದಿ ನನಗೆ ಮನಸ್ಸು ಕರಗಿತು. ಆ ಮೇಡಂಗೂ ಕರಗಬಹುದು. ಆದರೆ ಅವರಿಗೆ ಅದರಿಂದ ಮಾಡಲು ಆಗುವಂಥದ್ದು ಏನೂ ಇಲ್ಲ. ಬಂದವರೆಲ್ಲರಿಗೂ ಕೆಲಸ ಅಗತ್ಯವೇ. ಇಂಥ ಸಾಲಿಗೆ ಉತ್ತರ ಬರೆಯುವುದು ಇನ್ನೂ ಕಷ್ಟವಾಗುತ್ತದೆ, ಅದರಲ್ಲೂ ಉತ್ತರ ‘ಇಲ್ಲ’ ಅಂತಾಗಿದ್ದರೆ. ಆ ಜಾಗದಲ್ಲಿ ಅವರ ಕೆಲಸಕ್ಕೆ ಬರುವ ಒಂದು ಹೊಸ ಸಂಗತಿ ಇಡಿ. ನೀವು ಯಾವಾಗ ಬಂದು ಸೇರಬಹುದು ಅನ್ನುವುದು ಅಂಥದ್ದು. ಮ್ಯಾನೇಜರ್ ಹತ್ತಿರ ಹೋಗಿ “ಈಕೆ ಆಗಸ್ಟ್ ಮೊದಲ ವಾರ ಬರ್ತಾರಂತೆ” ಅಂತ ಹೇಳಲು ಅವರಿಗೆ ಒಂದು ನೆಪ ಸಿಗುತ್ತದೆ. ನಿಂತುಹೋದ ಮಾತು ಮತ್ತೆ ಶುರುವಾಗುವುದು ಇಂಥ ನೆಪದಿಂದಲೇ.

ಸಂಬೋಧನೆ ಬಗ್ಗೆ ಒಂದು ಮಾತು. ‘ಮಾನ್ಯರೇ’ ಬೇಡ. ಎದುರಿಗೆ ಕೂತು ಮಾತಾಡಿದವರು ನೀವು, ಫೋನಿನಲ್ಲಿ ಮೇಡಂ ಅಂದಿದ್ದೀರಿ. ಅದನ್ನೇ ಬರೆಯಿರಿ. ಅವರು ಮೇಲ್ ಕೊನೆಯಲ್ಲಿ ಹೆಸರು ಹಾಕಿದ್ದರೆ ಹೆಸರಿನ ಮುಂದೆ ಮೇಡಂ ಸೇರಿಸಿ. ‘ತಾವು’ ಅಷ್ಟು ಬೇಕಿಲ್ಲ, ‘ನೀವು’ ಸಾಕು. ಇಂಟರ್‌ವ್ಯೂ ದಿನ ಎಷ್ಟೇ ಆತ್ಮೀಯವಾಗಿ ಮಾತಾಡಿದ್ದರೂ ‘ಅಕ್ಕ’ ಬೇಡ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ನಮಸ್ಕಾರ ಮೇಡಂ,

ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಜೂನ್ 3ರಂದು ಎರಡನೇ ಇಂಟರ್‌ವ್ಯೂಗೆ ಬಂದಿದ್ದೆ.

ಈ ಹುದ್ದೆಗೆ ಆಯ್ಕೆ ಇನ್ನೂ ನಡೆಯುತ್ತಿದೆಯೇ ಎಂದು ತಿಳಿಸಿದರೆ ಅನುಕೂಲವಾಗುತ್ತದೆ. ತೀರ್ಮಾನ ಆಗಿಲ್ಲದಿದ್ದರೆ, ನಾನು ಮತ್ತೆ ಯಾವಾಗ ವಿಚಾರಿಸಬಹುದು ಎಂದು ಹೇಳಿದರೂ ಸಾಕು. ಬೇರೆಯವರು ಆಯ್ಕೆಯಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿ.

ಈಗಿನ ಕೆಲಸದಲ್ಲಿ ನಾನು 30 ದಿನಗಳ ನೋಟಿಸ್ ಕೊಡಬೇಕು. ಜುಲೈ ಮೊದಲ ವಾರದಲ್ಲಿ ವಿಷಯ ತಿಳಿದರೆ ಆಗಸ್ಟ್ ಮೊದಲ ವಾರದಲ್ಲಿ ಬಂದು ಸೇರಬಹುದು.

ವಂದನೆಗಳು.”

ಕೆಳಗೆ ನಿಮ್ಮ ಹೆಸರು, ಊರು, ಫೋನ್ ನಂಬರ್. ಇಷ್ಟೇ. ಫೋನಿನಲ್ಲಿ ಒಮ್ಮೆ ಬೆರಳಾಡಿಸಿದರೆ ಓದಿ ಮುಗಿಯಬೇಕು.

‘30 ದಿನ’ ಅಂತ ನಾನು ಅಂದಾಜಿಗೆ ಹಾಕಿದ್ದೇನೆ. ಮಿಲ್‌ನಲ್ಲಿ ಸೇರುವಾಗ ಏನು ಮಾತಾಗಿತ್ತೋ ಅದನ್ನು ಹಾಕಿ. ನೇಮಕದ ಪತ್ರವೇ ಕೊಟ್ಟಿಲ್ಲ, ಬಾಯಿ ಮಾತಿನ ಮೇಲೆ ನಡೆಯುತ್ತಿದೆ ಅನ್ನುವುದಾದರೆ, ಸಾಹುಕಾರರು ಬೇರೆಯವರನ್ನು ಹುಡುಕಿಕೊಳ್ಳಲು ಎಷ್ಟು ದಿನ ಬೇಕು ಅನ್ನುವುದು ನಿಮಗೇ ಗೊತ್ತಿರುತ್ತದೆ, ಅಷ್ಟು ಬರೆಯಿರಿ.

ಒಂದು ಸಾಲು ನಿಮಗೆ ಚುಚ್ಚುತ್ತಿರಬಹುದು. “ಬೇರೆಯವರು ಆಯ್ಕೆಯಾಗಿದ್ದರೆ ಅದನ್ನೂ ತಿಳಿಸಿ.” ಇದನ್ನು ತೋರಿಸಿದಾಗಲೆಲ್ಲ ಯಾರಾದರೂ ಒಬ್ಬರು “ನಾನೇ ಯಾಕೆ ಕೆಟ್ಟದ್ದು ಬಾಯಿಬಿಟ್ಟು ಹೇಳಲಿ ಮೇಡಂ” ಅನ್ನುತ್ತಾರೆ. ಅಮ್ಮ ಓದಿದರೆ “ಬಿಡ್ತು ಅನ್ನು” ಅಂದಾರು. ಆದರೆ ಈ ಸಾಲಿನಿಂದ ನಿಮ್ಮ ಅವಕಾಶ ಕಡಿಮೆಯಾಗುವುದಿಲ್ಲ. ಆಯ್ಕೆ ಮಾಡುವವರು ಅಕೌಂಟ್ಸ್ ಮ್ಯಾನೇಜರ್, ಈ ಮೇಲ್ ಓದಿ ಅವರ ಮನಸ್ಸು ಬದಲಾಗುವುದಿಲ್ಲ. ಬದಲಾಗುವುದು ಎಚ್‌ಆರ್ ಮನಸ್ಸು. ‘ಇಲ್ಲ’ ಅಂತ ಬರೆಯುವುದು ನಮಗೆ ನಿಜವಾಗಿಯೂ ಕಷ್ಟದ ಕೆಲಸ. ಎದುರಿಗೆ ಕೂತು ಮಾತಾಡಿದ ಮುಖ ನೆನಪಾಗುತ್ತದೆ, ಏನು ಬರೆದರೂ ಸರಿ ಅನ್ನಿಸುವುದಿಲ್ಲ, ಹಾಗೇ ದಿನ ಹೋಗುತ್ತದೆ. ನೀವೇ ಆ ಬಾಗಿಲು ತೆರೆದಿಟ್ಟರೆ ಅವರು ಒಂದು ಸಾಲು ಬರೆದು ಹಗುರಾಗುತ್ತಾರೆ. ನಿಮಗೂ ವಿಷಯ ಗೊತ್ತಾಗುತ್ತದೆ. ಇಲ್ಲ ಅಂತ ಜೂನ್ ಕೊನೆಗೆ ಗೊತ್ತಾಗುವುದಕ್ಕೂ ಆಗಸ್ಟ್ ಕೊನೆಗೆ ಗೊತ್ತಾಗುವುದಕ್ಕೂ ಎರಡು ತಿಂಗಳ ವ್ಯತ್ಯಾಸ ಇದೆ.

ಇನ್ನೊಂದು ಕಡೆ ಆಫರ್ ಬಂದಿದೆ ಅಂತ ಬರೆಯಲೇ ಅಂತ ಕೆಲವರು ಕೇಳುತ್ತಾರೆ. ನಿಜವಾಗಿ ಬಂದಿದ್ದರೆ ಬರೆಯಲೇಬೇಕು. ಆಗ ನೋಟಿಸ್ ಸಾಲಿನ ಜಾಗದಲ್ಲಿ ಇದು ಬರಲಿ: “ನನಗೆ ಇನ್ನೊಂದು ಕಡೆಯಿಂದ ಆಫರ್ ಬಂದಿದೆ, ಜುಲೈ 4ರೊಳಗೆ ಉತ್ತರ ಹೇಳಬೇಕಿದೆ. ನಿಮ್ಮಲ್ಲಿ ಸೇರುವುದು ನನ್ನ ಮೊದಲ ಇಷ್ಟ.” ದಿನಾಂಕ ಇದ್ದರೆ ಅವರು ಮ್ಯಾನೇಜರ್ ಹತ್ತಿರ ಹೋಗುತ್ತಾರೆ. ಬರದ ಆಫರ್ ಬಗ್ಗೆ ಮಾತ್ರ ಬರೆಯಬೇಡಿ. “ಆಫರ್ ಲೆಟರ್ ಕಳಿಸಿ, ಸಂಬಳ ನೋಡೋಣ” ಅಂತ ಕೇಳಿದರೆ ನಿಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ಅಥವಾ “ಸರಿ, ಅಲ್ಲಿಗೇ ಸೇರಿಕೊಳ್ಳಿ, ಒಳ್ಳೆಯದಾಗಲಿ” ಅಂದುಬಿಡುತ್ತಾರೆ. ಈ ಎರಡನೆಯದನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ.

ಕಳಿಸುವ ಮುಂಚೆ ಒಂದು ಐದು ನಿಮಿಷದ ಕೆಲಸ ಇದೆ. ಅವರು ಈಗಾಗಲೇ ಉತ್ತರ ಕೊಟ್ಟಿದ್ದು ನಿಮಗೆ ಕಾಣದೇ ಇರಬಹುದು. ಜಿಮೇಲ್‌ನಲ್ಲಿ ಸುಮ್ನೆ ಹುಡುಕಿದರೆ ಸ್ಪ್ಯಾಮ್‌ನಲ್ಲಿ ಇರುವುದು ಬರುವುದಿಲ್ಲ. ಮೇಲಿನ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ, ಕಂಪನಿ ವಿಳಾಸದಲ್ಲಿ @ ಆದ ಮೇಲೆ ಬರುವುದನ್ನು ಸೇರಿಸಿ:

```
in:anywhere from:company.com
```

company.com ಇರುವ ಕಡೆ ಅವರ ವಿಳಾಸ ಬರಬೇಕು. ಸ್ಪ್ಯಾಮ್, ಕಸದ ಬುಟ್ಟಿ ಎಲ್ಲವನ್ನೂ ಸೇರಿಸಿ ತೋರಿಸುತ್ತದೆ. ಜೂನ್ 10ರ ನಿಮ್ಮ ಮೇಲ್ ಹೋಗಿದೆಯಾ ಅಂತಲೂ Sent ತೆಗೆದು ನೋಡಿ. ವಿಳಾಸದಲ್ಲಿ noreply ಅಂತ ಇದ್ದರೆ ಅದು ಯಂತ್ರದ ಪೆಟ್ಟಿಗೆ, ಅಲ್ಲಿ ಓದುವವರು ಯಾರೂ ಇಲ್ಲ. ಹಾಗಿದ್ದರೆ, ಇಂಟರ್‌ವ್ಯೂಗೆ ಕರೆದ ಮೇಲ್ ಮೇಡಂ ಅವರ ಸ್ವಂತ ವಿಳಾಸದಿಂದ ಬಂದಿತ್ತಲ್ಲ, ಅದಕ್ಕೇ Reply ಒತ್ತಿ ಬರೆಯಿರಿ. ಇಲ್ಲದಿದ್ದರೆ ಜೂನ್ 10ರ ಮೇಲ್‌ಗೇ ಮುಂದುವರಿಸಿ. ವಿಷಯದ ಸಾಲು ಮುಟ್ಟಬೇಡಿ. ಅದನ್ನು ಬದಲಾಯಿಸಿದರೆ ಜಿಮೇಲ್ ಇದನ್ನು ಹೊಸ ಮೇಲ್ ಅಂತ ಬೇರೆ ಇಡುತ್ತದೆ, ಹಳೆಯ ಮಾತುಕತೆ ಅವರ ಕಣ್ಣಿಗೆ ಬೀಳುವುದಿಲ್ಲ. ಆ ಮೇಲ್‌ನಲ್ಲಿ ಅಕೌಂಟ್ಸ್ ಮ್ಯಾನೇಜರ್ ವಿಳಾಸವೂ ಇದ್ದರೆ ಎಲ್ಲರಿಗೂ ಕಳಿಸಬೇಡಿ. ಉತ್ತರ ಕೊಡದ ವಿಷಯವನ್ನು ಅವರ ಮೇಲಿನವರ ಮುಂದೆ ಇಟ್ಟ ಹಾಗಾಗುತ್ತದೆ. ಅದು ಹೇಳಿಕೊಳ್ಳದಿದ್ದರೂ ಅವರಿಗೆ ನೋವಾಗುತ್ತದೆ.

ಅವರು ನಿಮ್ಮನ್ನು ಮೊದಲು ಸಂಪರ್ಕಿಸಿದ್ದು ವಾಟ್ಸಾಪ್‌ನಲ್ಲಿ ಆಗಿದ್ದರೆ ಅಲ್ಲಿಯೂ ಕೇಳಬಹುದು, ಆದರೆ ಮೇಲ್ ಕಳಿಸಿದ ದಿನವೇ ಬೇಡ. ಎರಡೂ ಕಡೆ ಒಟ್ಟಿಗೆ ಬಂದರೆ ಬೆನ್ನು ಹತ್ತಿದ ಹಾಗೆ ಅನ್ನಿಸುತ್ತದೆ. ಅವರು ಬರೀ ಮೇಲ್ ಮತ್ತು ಕರೆ ಮಾಡಿದ್ದರೆ ವಾಟ್ಸಾಪ್ ಬಿಟ್ಟುಬಿಡಿ.

ಬುಧವಾರ ಕಳಿಸಿದ ಮೇಲ್‌ಗೆ ಒಂದು ವಾರ ಕಾಯಿರಿ. ನಡುವೆ ತಿಂಗಳ ಕೊನೆ ಬರುವುದರಿಂದ ಮೊದಲ ನಾಲ್ಕೈದು ದಿನ ಉತ್ತರ ಬರದಿದ್ದರೆ ಗಾಬರಿ ಬೇಡ. ಜುಲೈ 3, ಗುರುವಾರದವರೆಗೂ ಏನೂ ಬರದಿದ್ದರೆ ಮೂರನೇ ಮೇಲ್ ಬರೆಯಬೇಡಿ, ಫೋನ್ ಮಾಡಿ. ಮೂರನೇ ಮೇಲ್ ಮೊದಲೆರಡರ ಜೊತೆ ಸೇರಿ ರಾಶಿಯಾಗುತ್ತದೆ, ರಾಶಿ ದೊಡ್ಡದಾದಷ್ಟೂ ಅದನ್ನು ತೆರೆಯಲು ಸಂಕೋಚ ಜಾಸ್ತಿ. ಫೋನ್ ಆದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಹನ್ನೊಂದರ ಮೇಲೆ, ಇಲ್ಲವೇ ಮಧ್ಯಾಹ್ನ ಮೂರರ ಮೇಲೆ. “ಮೇಡಂ ನಮಸ್ತೆ, ಮಂಡ್ಯದಿಂದ ಮಾತಾಡ್ತಿದ್ದೀನಿ, ಅಕೌಂಟ್ಸ್ ಅಸಿಸ್ಟೆಂಟ್ ಇಂಟರ್‌ವ್ಯೂಗೆ ಬಂದಿದ್ದೆ. ಒಂದು ನಿಮಿಷ ಮಾತಾಡಬಹುದಾ?” ಅಂತ ಶುರು ಮಾಡಿ. ಹೆಸರು ಮೊದಲೇ ಹೇಳಿ. ಆಮೇಲೆ ಮೇಲ್‌ನಲ್ಲಿ ಕೇಳಿದ್ದೇ ಒಂದು ಪ್ರಶ್ನೆ: “ಆ ಹುದ್ದೆ ಇನ್ನೂ ನಡೀತಿದೆಯಾ ಮೇಡಂ?” ಮೇಲ್ ನೋಡಿದ್ರಾ ಅಂತ ಕೇಳಬೇಡಿ. ಎತ್ತದಿದ್ದರೆ ಅವತ್ತು ಮತ್ತೆ ಮಾಡಬೇಡಿ.

ಉತ್ತರ ಬಂದಾಗಲೂ ಸ್ವಲ್ಪ ಎಚ್ಚರ ಬೇಕು. “ಇನ್ನೂ ಡಿಸೈಡ್ ಆಗಿಲ್ಲ, ಹೇಳ್ತೀವಿ” ಅಂತ ಬಂದರೆ ಅದನ್ನು ಒಳ್ಳೆಯ ಸುದ್ದಿ ಅಂತಲೂ ಕೆಟ್ಟ ಸುದ್ದಿ ಅಂತಲೂ ಓದಬೇಡಿ. “ಆಯ್ತು ಮೇಡಂ, ಧನ್ಯವಾದ. ಜುಲೈ 15ರ ಸುಮಾರಿಗೆ ಒಮ್ಮೆ ವಿಚಾರಿಸಲೇ?” ಅಂತ ಬರೆಯಿರಿ. ದಿನಾಂಕ ನೀವೇ ಹೇಳಿದರೆ ಅವರು ಹೂಂ ಅಂದರೆ ಸಾಕು. ಆಗ ಮುಂದಿನ ಮೇಲ್ ಜ್ಞಾಪನೆ ಆಗುವುದಿಲ್ಲ, ಹೇಳಿದ ದಿನಕ್ಕೆ ಕೇಳಿದ ಹಾಗಾಗುತ್ತದೆ. “ಬೇರೆಯವರನ್ನು ತಗೊಂಡೆವು” ಅಂತ ಬಂದರೂ ಎರಡು ಸಾಲು ಬರೆಯಿರಿ: “ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಮುಂದೆ ಅಕೌಂಟ್ಸ್‌ನಲ್ಲಿ ಅವಕಾಶ ಇದ್ದರೆ ದಯವಿಟ್ಟು ನೆನಪಿಸಿಕೊಳ್ಳಿ.” ಈ ‘ದಯವಿಟ್ಟು’ ಇಲ್ಲಿ ಸರಿಯಾದ ಜಾಗದಲ್ಲಿದೆ. ಆಫರ್ ಒಪ್ಪಿದವರು ಕೊನೆಗೆ ಸೇರದೆ ಇರುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಆಗ ಮೊದಲು ನೆನಪಾಗುವುದು ಕೊನೆಯ ಮಾತು ಚೆನ್ನಾಗಿ ಆಡಿ ಹೋದವರು.

ನಿಮ್ಮ ಹಾಗಲ್ಲದೆ ಕಂಪನಿಯ ಎಚ್‌ಆರ್ ಬದಲು ಕನ್ಸಲ್ಟೆನ್ಸಿಯವರ ಮೂಲಕ ಹೋದವರು ಇದನ್ನು ಓದುತ್ತಿದ್ದರೆ, ಲೆಕ್ಕ ಸ್ವಲ್ಪ ಬೇರೆ. ನೀವು ಸೇರಿದರೆ ಕನ್ಸಲ್ಟೆನ್ಸಿಗೆ ಕಂಪನಿಯಿಂದ ದುಡ್ಡು ಬರುತ್ತದೆ. ಹಾಗಾಗಿ ಅವರಿಗೆ ಸುದ್ದಿ ಇದ್ದರೆ ಮುಚ್ಚಿಡುವುದಿಲ್ಲ. ಅವರನ್ನು ಕೇಳುವುದು ಇಷ್ಟೇ: “ಕಂಪನಿ ಕಡೆಯಿಂದ ಫೀಡ್‌ಬ್ಯಾಕ್ ಬಂದಿದೆಯಾ? ನೀವು ಕೊನೆಯ ಸಲ ಕೇಳಿದ್ದು ಯಾವಾಗ?” ಎರಡನೇ ಪ್ರಶ್ನೆಗೆ ದಿನ ಹೇಳಲು ಆಗದಿದ್ದರೆ ಅವರು ಕೇಳಿಯೇ ಇಲ್ಲ ಅಂತ ತಿಳಿದುಕೊಳ್ಳಿ. ಅಲ್ಲಿ ಮೇಲ್‌ಗಿಂತ ನೇರ ಫೋನ್ ಮೇಲು.

ಎಚ್‌ಆರ್ ಮೇಲ್ ಇಂಗ್ಲಿಷಿನಲ್ಲಿ ಇದ್ದರೆ ಉತ್ತರವೂ ಇಂಗ್ಲಿಷಿನಲ್ಲೇ ಇರಲಿ. ವಾಕ್ಯಗಳ ಕ್ರಮ ಇದೇ. ಅಲ್ಲಿ ‘ಐ ಆಮ್ ಸ್ಟಿಲ್ ವೇಟಿಂಗ್’ ಅನ್ನುವುದು ನಿಮ್ಮ ‘ಇನ್ನೂ ಬಂದಿಲ್ಲ’ದ ಅಣ್ಣ, ಅದನ್ನು ಬಿಡಿ. ‘ಜೆಂಟಲ್ ರಿಮೈಂಡರ್’ ಕೂಡ ಬಿಡಿ. ನಮ್ಮ ಕಡೆ ಆ ಮಾತು ಬಾಕಿ ಬಿಲ್ ಕೇಳುವವರ ಮೇಲ್‌ನಲ್ಲಿ ಎಷ್ಟು ಸವೆದಿದೆ ಅಂದರೆ, ನೋಡಿದ ಕೂಡಲೇ ಎದೆ ಬಿಗಿಯಾಗುತ್ತದೆ.

ಉತ್ತರ ಬರುವ ತನಕ ಮಿಲ್‌ನಲ್ಲಿ ಏನೂ ಹೇಳಬೇಡಿ. ಹುದ್ದೆ, ಸಂಬಳ, ಸೇರುವ ದಿನ ಈ ಮೂರೂ ಇರುವ ಆಫರ್ ಲೆಟರ್ ಕೈಗೆ ಬಂದ ಮೇಲೆಯೇ ನೋಟಿಸ್. ಫೋನಿನಲ್ಲಿ “ಆಯ್ತು, ಬನ್ನಿ” ಅಂದರೂ ಅಷ್ಟೇ. ಮೇಲ್‌ನಲ್ಲಿ ಕಳಿಸಿಕೊಡಿ ಅಂತ ಕೇಳಿ, ಬಂದ ಮೇಲೆ ಸಾಹುಕಾರರ ಹತ್ತಿರ ಮಾತಾಡಿ.